ಚೆಂಡೆ ಕ್ಲಿಪ್ ಕದಲಿಸದೆ ಒಳಗಿನ ಧ್ವನಿ ಮಾತ್ರ ಸರಿಸಿದ್ದು: ನನ್ನ ಅನುಭವ

ಕುಂಬಳೆ ಹತ್ತಿರದ ಒಂದು ತಾಳಮದ್ದಳೆ. ಎರಡು ಗಂಟೆ ನಲವತ್ತು ನಿಮಿಷದ ರೆಕಾರ್ಡಿಂಗ್. ಭಾಗವತರ ಮೈಕ್ ಮಿಕ್ಸರಿನಿಂದ ನನ್ನ ಲ್ಯಾಪ್‌ಟಾಪಿಗೆ ಬಂದಿತ್ತು. ಚೆಂಡೆಯ ಪಕ್ಕ ಪ್ರತ್ಯೇಕ ಕೈ ರೆಕಾರ್ಡರ್ ಇಟ್ಟಿದ್ದೆ. ಎರಡೂ 48 ಕಿಲೋಹರ್ಟ್ಸ್, ಆದರೂ ಎರಡು ಯಂತ್ರಗಳ ಒಳಗಿನ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲವಲ್ಲ. ಗಣಪತಿ ಸ್ತುತಿಯಲ್ಲಿ ಸರಿಯಾಗಿ ಕೂತ ಚೆಂಡೆ, ಮಂಗಳದ ಹೊತ್ತಿಗೆ ಸುಮಾರು ಕಾಲು ಸೆಕೆಂಡ್ ಹಿಂದೆ ಬಿದ್ದಿತ್ತು.

"ಚೆಂಡೆ ಟ್ರ್ಯಾಕ್ ಬಿಟ್ಟುಬಿಡು, ಇಲ್ಲವೇ ಇನ್ನೊಮ್ಮೆ ಬಾರಿಸಿಸು" ಅಂದರು ಮಂಗಳೂರಿನ ಹಿರಿಯ ಸ್ಟುಡಿಯೋ ಗೆಳೆಯರು. ಇನ್ನೊಮ್ಮೆ ಬಾರಿಸಿದರೆ ಅದು ಆ ರಾತ್ರಿಯ ಚೆಂಡೆ ಆಗುವುದಿಲ್ಲ. ಖರ್ಚೂ ಎರಡು ಸಾವಿರದ ಹತ್ತಿರ. ನನಗೆ ಸಿಗುವುದೇ ನಾಲ್ಕು ಸಾವಿರ.

ಮೊದಲು ಇಡೀ ಕ್ಲಿಪ್ಪನ್ನು ಎಳೆದು ಕುಗ್ಗಿಸಿ ನೋಡಿದೆ. ಉದ್ದ ಸರಿಹೋಯಿತು, ಆದರೆ ಪೆಟ್ಟಿನ ಮೊನೆ ಮೊಂಡಾಯಿತು. ಕೋಲು ಚರ್ಮಕ್ಕೆ ತಾಗುವ ಆ 'ಟಣ್' ಹೋಗಿ ಒದ್ದೆ ಬಟ್ಟೆ ಬಡಿದ ಹಾಗೆ ಕೇಳಿಸಿತು. ಅದನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ರೀಪರ್ ಎಂಬ ಧ್ವನಿ ಸಂಕಲನದ ಸಾಫ್ಟ್‌ವೇರ್‌ನಲ್ಲಿ ಚೆಂಡೆ ಕ್ಲಿಪ್ಪನ್ನು ಪದ್ಯಕ್ಕೊಂದರಂತೆ ತುಂಡು ಮಾಡಿದೆ, ನಲವತ್ತರ ಹತ್ತಿರ ಆಯಿತು. ಕತ್ತರಿ ಹಾಕಿದ್ದು ಅರ್ಥಗಾರಿಕೆಯ ಜಾಗದಲ್ಲಿ ಮಾತ್ರ, ಅಲ್ಲಿ ಚೆಂಡೆ ಸುಮ್ಮನಿರುತ್ತದೆ. ಪ್ರತಿ ತುಂಡಿನ ಹಿಂದೆಯೂ ಇಡೀ ಫೈಲ್ ಇದ್ದೇ ಇರುತ್ತದೆ, ಅಂಚು ಎಳೆದರೆ ಮುಚ್ಚಿದ್ದು ಮತ್ತೆ ಹೊರಗೆ ಬರುತ್ತದೆ. ಹಾಗಾಗಿ ತುಂಡನ್ನು ಜಾಗದಿಂದ ಕದಲಿಸಲಿಲ್ಲ. Alt ಒತ್ತಿ ಕ್ಲಿಪ್ಪಿನ ನಡುವೆ ಹಿಡಿದು ಒಳಗಿನ ಧ್ವನಿಯನ್ನಷ್ಟೇ ಎಡಕ್ಕೆ ಸರಿಸಿದೆ. ಮೂರು ನಿಮಿಷದ ಪದ್ಯದೊಳಗೆ ಐದು ಮಿಲಿಸೆಕೆಂಡಿನಷ್ಟು ಮಾತ್ರ ವ್ಯತ್ಯಾಸ ಬರುತ್ತದೆ, ಕಿವಿಗೆ ಗೊತ್ತಾಗುವುದಿಲ್ಲ. ತುಂಡು ಸೇರುವಲ್ಲಿ ಒಂದಿಷ್ಟು ಧ್ವನಿ ಬಿಟ್ಟುಹೋಗುತ್ತದೆ ನಿಜ. ಆದರೆ ಅದು ಬರೀ ಸಭೆಯ ಸದ್ದು, ಒಂದರ ಸದ್ದು ಇಳಿಯುತ್ತ ಇನ್ನೊಂದರದು ಏರುವ ಸಣ್ಣ ಕ್ರಾಸ್‌ಫೇಡ್ ಸಾಕು.

ಒಂದು ಎಚ್ಚರ ಬೇಕು. ಅದೇ Alt ಒತ್ತಿ ಅಂಚನ್ನು ಹಿಡಿದರೆ ಧ್ವನಿ ಸರಿಯುವುದಿಲ್ಲ, ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಏಳನೆಯ ಪದ್ಯದಲ್ಲಿ ನನಗೆ ಹಾಗಾಗಿ ಅರ್ಧ ದಿನ ಹೋಯಿತು. ಅನುಮಾನ ಬಂದರೆ F2 ಒತ್ತಿ Playback rate ನೋಡಿ. 1 ಇಲ್ಲದಿದ್ದರೆ ತಪ್ಪು ಅಲ್ಲೇ ಇದೆ.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಹಿಂದಿನ ವರ್ಷ ಬೇರೊಂದು ಪ್ರಸಂಗದಲ್ಲಿ, ಚೆನ್ನಾಗಿ ಕೂತ ತುಂಡುಗಳನ್ನು Glue ಮಾಡಿ, ಜಾಗ ಉಳಿಸಲು ಮೂಲ ಫೈಲ್‌ಗಳನ್ನು ಅಳಿಸಿದ್ದೆ. ಗ್ಲೂ ಮಾಡಿದರೆ ಕಾಣುವಷ್ಟೇ ಭಾಗದ ಹೊಸ ಫೈಲ್ ಆಗುತ್ತದೆ. ಭಾಗವತರು ಕೇಳಿ, "ಪದ್ಯ ಎತ್ತುವ ಮೊದಲು ನಾನು ಉಸಿರು ತೆಗೆದದ್ದು ಎಲ್ಲಿ?" ಅಂದರು. ನಾನೇ ಅಂಚು ಒಳಗೆ ಎಳೆದು ಮುಚ್ಚಿದ್ದೆ. ಈಗ ಎಳೆದರೆ ಏನೂ ಇಲ್ಲ. ಆ ಕೆಲಸದ ದುಡ್ಡಿನಲ್ಲಿ ಸಾವಿರ ಬಿಟ್ಟುಕೊಟ್ಟೆ. ಈಗ ಹಣ ಕೈಗೆ ಬರುವವರೆಗೆ ಗ್ಲೂ ಇಲ್ಲ, ಅಳಿಸುವುದೂ ಇಲ್ಲ.

ಮಂಗಳದ ತುಂಡಿನಲ್ಲಿ ಮತ್ತೊಂದು ಆಯಿತು. ಎಡಕ್ಕೆ ಸರಿಸಿದಾಗ ಫೈಲ್ ಕೊನೆಯಲ್ಲಿ ಮುಗಿದು, ಆರಂಭದ ಮೈಕ್ ಪರೀಕ್ಷೆಯ ಸದ್ದು ಮಂಗಳದ ಹಿಂದೆಯೇ ಕೇಳಿಸಿತು. Loop source ಗುರುತು ಹಾಕಿಯೇ ಇತ್ತು. ಕ್ಲಿಪ್ಪಿನ ಮೇಲಂಚಿನಲ್ಲಿ ಸಣ್ಣ ಕಚ್ಚು ಕಂಡರೆ ಫೈಲ್ ಅಲ್ಲಿಗೆ ಮುಗಿದು ಮೊದಲಿನಿಂದ ಸುತ್ತುತ್ತಿದೆ ಎಂದರ್ಥ. ಆ ಗುರುತು ತೆಗೆದೆ. ಈಗ ಕೈ ರೆಕಾರ್ಡರನ್ನು ಕಾರ್ಯಕ್ರಮಕ್ಕೆ ಮೊದಲು ಹಾಕಿ, ಮುಗಿದು ಅರ್ಧ ನಿಮಿಷ ಕಳೆದ ಮೇಲೆಯೇ ನಿಲ್ಲಿಸುತ್ತೇನೆ. ಸರಿಸಲು ಜಾಗ ಬೇಕಲ್ವಾ.

ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆ. ಭಾಗವತರ ಮೈಕಿಗೂ ಚೆಂಡೆಯ ಸದ್ದು ನುಗ್ಗಿತ್ತು, ನಾಲ್ಕು ಮೀಟರ್ ದೂರದಿಂದ. ಅಂದರೆ ಹನ್ನೆರಡು ಮಿಲಿಸೆಕೆಂಡ್ ತಡ. ಹತ್ತಿರದ ಟ್ರ್ಯಾಕನ್ನು ಅಷ್ಟೇ ತಡಕ್ಕೆ ಕೂರಿಸಿದಾಗ ಪೆಟ್ಟು ಎರಡಾಗಿ ಕೇಳುವುದು ನಿಂತು, ಒಂದೇ ಗಟ್ಟಿ ಪೆಟ್ಟಾಯಿತು. ಎಲ್ಲ ತುಂಡಿಗೂ ಇದೇ ಅಳತೆ ಇಟ್ಟೆ. ಪ್ರತಿ ಪದ್ಯದಲ್ಲಿ ಯಾವ ಪೆಟ್ಟನ್ನು ಗುರುತಿಗೆ ಹಿಡಿಯುತ್ತೇನೆ ಅನ್ನುವುದು ನನ್ನ ಬಳಿಯೇ ಇರಲಿ, ಅದಕ್ಕೆ ಎರಡು ವರ್ಷ ಕೊಟ್ಟಿದ್ದೇನೆ.

ಒಟ್ಟು ಮೂರು ಸಂಜೆಯ ಕೆಲಸ. ಬಿಟ್ಟುಬಿಡು ಅಂದಿದ್ದ ಗೆಳೆಯರಿಗೆ ಕೊನೆಯ ಹತ್ತು ನಿಮಿಷ ಕಳಿಸಿದೆ. ಹೆಡ್‌ಫೋನ್‌ನಲ್ಲಿ ಎರಡು ಸಲ ಕೇಳಿ, "ಚೆಂಡೆ ಮತ್ತೆ ಬಾರಿಸಿಸಿದ್ದಾ?" ಅಂತ ಫೋನ್ ಮಾಡಿದರು. ಈಗ ಅವರ ಬಳಿಯ ಎರಡು ಹಳೆಯ ಪ್ರಸಂಗಗಳು ನನ್ನ ಹಾರ್ಡ್ ಡಿಸ್ಕಿನಲ್ಲಿವೆ.