ಕೊಂಕಣಿ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ: ಏನು ಮಾಡಬೇಕು?

ಶಿರಸಿಯಿಂದ ಕಾರವಾರದ ಬ್ಯಾಂಕ್ ಶಾಖೆಯೊಂದಕ್ಕೆ ವರ್ಗವಾಗಿ ಬಂದ ಕ್ಲರ್ಕ್ ಒಬ್ಬರಿದ್ದಾರೆ ಎಂದುಕೊಳ್ಳಿ. ಬಂದು ಎರಡು ವರ್ಷವಾಗಿದೆ. ಕೌಂಟರಿಗೆ ಬಂದವರು ಕೊಂಕಣಿಯಲ್ಲಿ ಹೇಳುವುದು ಹೆಚ್ಚೂಕಮ್ಮಿ ಎಲ್ಲ ತಿಳಿಯುತ್ತದೆ. ಉತ್ತರ ಮಾತ್ರ ಕನ್ನಡದಲ್ಲೇ ಹೊರಡುತ್ತದೆ. ‘ಇನ್ನಷ್ಟು ಕೇಳುತ್ತಾ ಹೋದರೆ ತಾನಾಗಿ ಬರುತ್ತದೆ’ ಎಂದು ಸಹೋದ್ಯೋಗಿಗಳು ಸಮಾಧಾನ ಹೇಳುತ್ತಾರೆ. ಮಾತಿನ ಮಟ್ಟಿಗೆ ಈ ಸಲಹೆ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ.

ಕಾರಣ ಕೊಂಕಣಿಯ ವ್ಯಾಕರಣದಲ್ಲೇ ಕಾಣುತ್ತದೆ. ಕನ್ನಡದಲ್ಲಿ ಮನೆಯಾಗಲಿ, ದಾರಿಯಾಗಲಿ, ಮೀನಾಗಲಿ ‘ಒಳ್ಳೆ’ ಎಂಬ ಒಂದೇ ರೂಪ ಸಾಕು. ಕೊಂಕಣಿಯಲ್ಲಿ ಬಾಂಗ್ಡೊ ಅಂದರೆ ಬಂಗುಡೆ ಮೀನು ಪುಲ್ಲಿಂಗವಾದ್ದರಿಂದ ‘ಬರೊ’, ವಾಟ್ ಅಂದರೆ ದಾರಿ ಸ್ತ್ರೀಲಿಂಗವಾದ್ದರಿಂದ ‘ಬರಿ’, ಘರ್ ಅಂದರೆ ಮನೆ ನಪುಂಸಕವಾದ್ದರಿಂದ ‘ಬರೆಂ’. ಕೇಳುವಾಗ ‘ಬರ್’ ಎಂಬಷ್ಟು ಕಿವಿಗೆ ಬಿದ್ದರೆ ಅರ್ಥವಾಗುತ್ತದೆ, ಕೊನೆಯ ಸ್ವರವನ್ನು ಗಮನಿಸಬೇಕಾದ ಅಗತ್ಯವೇ ಬರುವುದಿಲ್ಲ. ಮಾತಾಡುವವರಿಗೆ ಆ ರಿಯಾಯಿತಿ ಇಲ್ಲ. ಮೂರರಲ್ಲಿ ಒಂದನ್ನು ಆರಿಸಲೇಬೇಕು, ಅದೂ ತಕ್ಷಣ. ‘ಬಂದೆ’ ಅನ್ನಲು ಗಂಡಸು ‘ಆಯ್ಲೊ’, ಹೆಂಗಸು ‘ಆಯ್ಲಿ’ ಅನ್ನಬೇಕು. ಎರಡು ವರ್ಷ ಕೇಳಿದರೂ ಕಿವಿ ಹಾರಿಸಿಕೊಂಡು ಹೋದದ್ದು ಇಂಥ ತುದಿಗಳನ್ನೇ. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಓದಿದ ಇಂಗ್ಲಿಷ್ ಮನೆಮಾತಿನ ಮಕ್ಕಳಲ್ಲೂ ಇದೇ ಕಂಡುಬಂತು. ವರ್ಷಗಟ್ಟಲೆ ಕೇಳಿ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಿದ್ದರೂ ಅವರ ಮಾತಿನ ವ್ಯಾಕರಣ ಹಿಂದೆ ಬಿದ್ದಿತ್ತು. ಕೇಳುವುದರ ಜೊತೆಗೆ ಮಾತಾಡಲೇಬೇಕಾದ ಒತ್ತಾಯವೂ ಬೇಕು ಎಂದು ಭಾಷಾ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ವಾದಿಸಿದ್ದು ಇದನ್ನು ನೋಡಿಯೇ.

ಸಮಯದ ಲೆಕ್ಕವೂ ಇದೆ. ಸಹಜ ಸಂಭಾಷಣೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಅಂತರ ಸರಾಸರಿ ಸುಮಾರು 200 ಮಿಲಿಸೆಕೆಂಡ್. ಆದರೆ ಚಿತ್ರವೊಂದನ್ನು ನೋಡಿ ಅದರ ಹೆಸರನ್ನು ಸ್ವಂತ ಭಾಷೆಯಲ್ಲಿ ಹೇಳಲಿಕ್ಕೇ 600 ಮಿಲಿಸೆಕೆಂಡಿನಷ್ಟು ಬೇಕು. ಅಂದರೆ ಎದುರಿನವರು ಮಾತು ಮುಗಿಸುವ ಮೊದಲೇ ನಮ್ಮ ಉತ್ತರ ತಯಾರಾಗುತ್ತಿರುತ್ತದೆ. ಹೊಸ ಭಾಷೆಯಲ್ಲಿ ಕೇಳುವುದಕ್ಕೇ ಪೂರ್ತಿ ಗಮನ ಬೇಕಾದ್ದರಿಂದ ಈ ತಯಾರಿ ತಡವಾಗುತ್ತದೆ. ಆ ತಡವರಿಕೆ ಕಂಡ ಕೂಡಲೇ ಕಾರವಾರದಲ್ಲಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು: ಎದುರಿನವರು ಕನ್ನಡಕ್ಕೆ ಬರುತ್ತಾರೆ. ಇಲ್ಲಿ ಹೆಚ್ಚಿನವರಿಗೆ ಎರಡೂ ಬರುತ್ತದಲ್ಲ! ಅವರದು ಸೌಜನ್ಯ, ಕಲಿಯುವವರಿಗೆ ಮಾತ್ರ ಅಂದಿನ ಅಭ್ಯಾಸ ಅಲ್ಲಿಗೆ ಮುಗಿಯಿತು.

ಅಳುಕು ಸೇರಿಕೊಳ್ಳುವುದು ಈ ಜಾಗದಲ್ಲಿ. ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲಿ ಭಾಷಾ ತರಗತಿಯ ಆತಂಕವನ್ನು ಅಳೆಯಲು 33 ಹೇಳಿಕೆಗಳ ಮಾಪನವೊಂದನ್ನು ಪ್ರಕಟಿಸಿದರು. ಮಾತಾಡಲು ಹಿಂಜರಿಕೆ ಮತ್ತು ಪರೀಕ್ಷೆಯ ಭಯದ ಜೊತೆಗೆ, ‘ಇತರರು ಏನೆಂದುಕೊಂಡಾರು’ ಎಂಬ ಭಯವನ್ನೂ ಅವರು ಗುರುತಿಸಿದ್ದರು. ದೊಡ್ಡವರನ್ನು ಹೆಚ್ಚು ಕಾಡುವುದು ಈ ಕೊನೆಯದು. ಕೌಂಟರಿನಲ್ಲಿ ಅಧಿಕಾರದಿಂದ ಕೂತವರು ಮಗುವಿನ ವಾಕ್ಯ ಆಡಬೇಕಲ್ಲ ಎಂಬ ಮುಜುಗರ. ಆಗ ಗಮನದ ಒಂದು ಪಾಲು ‘ತಪ್ಪಾಯಿತೇ’ ಎಂದು ತನ್ನನ್ನೇ ಕಾಯುವುದಕ್ಕೆ ಹೋಗುತ್ತದೆ. ಪದ ಹುಡುಕಲು ಉಳಿಯುವುದು ಇನ್ನೂ ಕಡಿಮೆ, ತಡವರಿಕೆ ಇನ್ನೂ ಹೆಚ್ಚು. ಕನ್ನಡಕ್ಕೆ ಹೊರಳಿದ ತಕ್ಷಣ ಎದೆ ಹಗುರಾಗುತ್ತದೆ. ಆ ಹಗುರವೇ ಮುಂದಿನ ಸಲವೂ ಹೊರಳುವಂತೆ ಮಾಡುತ್ತದೆ.

ಮೊದಲು ಪರೀಕ್ಷಿಸಿ

ತೊಂದರೆ ಭಾಷೆಯದೋ ಅಳುಕಿನದೋ ಎಂದು ತಿಳಿಯದೆ ಅಭ್ಯಾಸ ಶುರು ಮಾಡಬೇಡಿ. ಬಾಗಿಲು ಹಾಕಿಕೊಂಡು ಮೊಬೈಲಿನ ರೆಕಾರ್ಡರಿಗೆ ಎರಡು ನಿಮಿಷ ಕೊಂಕಣಿಯಲ್ಲಿ ಮಾತಾಡಿ. ವಿಷಯ: ಖಾತೆ ತೆರೆಯಲು ಏನೇನು ಬೇಕು. ಒಬ್ಬರೇ ಇದ್ದಾಗ ಬಂದ ವಾಕ್ಯ ಕೌಂಟರಿನಲ್ಲಿ ಬಾರದಿದ್ದರೆ ಅಡ್ಡಿ ಅಳುಕಿನದು, ಕೆಳಗಿನ ಮೂರನೆಯ ಹಂತಕ್ಕೆ ಹೆಚ್ಚು ಸಮಯ ಕೊಡಿ. ಒಬ್ಬರೇ ಇದ್ದಾಗಲೂ ಬಾರದಿದ್ದರೆ ಮೊದಲ ಎರಡಕ್ಕೆ. ಈ ರೆಕಾರ್ಡಿಂಗನ್ನು ಅಳಿಸಬೇಡಿ.

ಹಂತ 1: ಹತ್ತು ವಾಕ್ಯ

ದಿನವೂ ಕನ್ನಡದಲ್ಲಿ ಆಡುವ ಹತ್ತು ವಾಕ್ಯ ಬರೆದುಕೊಳ್ಳಿ: ಎಷ್ಟು ಹಣ, ಇಲ್ಲಿ ಸಹಿ ಮಾಡಿ, ಆಧಾರ್ ಜೆರಾಕ್ಸ್ ಬೇಕು, ನಾಳೆ ಬನ್ನಿ. ಕೊಂಕಣಿ ಮನೆಮಾತಿನ ಒಬ್ಬ ಸಹೋದ್ಯೋಗಿಯಿಂದ ಅವನ್ನು ಹೇಳಿಸಿ, ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ: ‘ಕಿತ್ಲೆ ಪೈಸೆ?’, ‘ಹಾಂಗಾ ಸಹಿ ಕರಾ’. ಸಮುದಾಯದಿಂದ ಸಮುದಾಯಕ್ಕೆ ಉಚ್ಚಾರ, ಪ್ರತ್ಯಯ ಬದಲಾಗುತ್ತದೆ. ಹಾಗಾಗಿ ಮೊದಲ ತಿಂಗಳು ಒಬ್ಬರನ್ನೇ ಅನುಸರಿಸಿ, ಹತ್ತು ಜನರ ತಿದ್ದುಪಡಿಗೆ ಕಿವಿಗೊಡಬೇಡಿ. ನಾಮಪದವನ್ನು ಬಿಡಿಯಾಗಿ ಕಲಿಯದೆ ‘ಬರೆಂ ಘರ್’ ಎಂದು ಜೋಡಿಯಾಗಿಯೇ ಕಲಿತರೆ ಲಿಂಗವೂ ಜೊತೆಗೆ ಬರುತ್ತದೆ.

ನಂತರ ಕೊಂಕಣಿಯನ್ನು ಮುಚ್ಚಿ, ಕನ್ನಡ ವಾಕ್ಯ ನೋಡಿ, ಗಟ್ಟಿಯಾಗಿ ಹೇಳಿ. ಮೂರು ಸೆಕೆಂಡಿನಲ್ಲಿ ಬಾರದಿದ್ದರೆ ತೆರೆದು ನೋಡಿ, ಮತ್ತೆ ಮುಚ್ಚಿ ಹೇಳಿ. ದಿನಕ್ಕೆ ಹತ್ತು ನಿಮಿಷ ಸಾಕು. ಬಹಳ ಜನ ಎಡವುವುದು ಇಲ್ಲಿ: ಬರೆದದ್ದನ್ನು ನೋಡಿ ಓದುತ್ತಾರೆ, ಎಲ್ಲ ಪರಿಚಿತ ಅನ್ನಿಸುತ್ತದೆ, ಬಂತು ಅಂದುಕೊಳ್ಳುತ್ತಾರೆ. ಅದು ಗುರುತು ಹಿಡಿಯುವ ಅಭ್ಯಾಸ, ನೆನಪಿನಿಂದ ಹೊರತೆಗೆಯುವ ಅಭ್ಯಾಸವಲ್ಲ.

ಹಂತ 2: ಒಂದೇ ಮಾತು, ಮೂರು ಸಲ

ಭಾಷಾ ಶಿಕ್ಷಕರು ಬಳಸುವ 4-3-2 ಎಂಬ ವಿಧಾನವಿದೆ. ಒಂದೇ ವಿಷಯವನ್ನು ಒಬ್ಬರಿಗೆ ನಾಲ್ಕು ನಿಮಿಷ, ಇನ್ನೊಬ್ಬರಿಗೆ ಮೂರು, ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ ಹೇಳುವುದು. ಹೊಸಬರಿಗೆ ನಾಲ್ಕು ನಿಮಿಷ ತೀರಾ ಉದ್ದ, 2 ನಿಮಿಷ, 90 ಸೆಕೆಂಡ್, 60 ಸೆಕೆಂಡ್ ಎಂದು ಇಳಿಸಿಕೊಳ್ಳಿ. ಹೊಸ ಸಂಗತಿ ಸೇರಿಸಕೂಡದು. ವಿಷಯ ಅದೇ ಆದ್ದರಿಂದ ಮೂರನೆಯ ಸಲ ‘ಏನು ಹೇಳಲಿ’ ಎಂಬ ಯೋಚನೆ ಇರುವುದಿಲ್ಲ, ಗಮನವೆಲ್ಲ ಹೇಳುವುದಕ್ಕೇ ಸಿಗುತ್ತದೆ. ಕೇಳುವವರೂ ಬದಲಾಗಬೇಕು. ಅದೇ ವ್ಯಕ್ತಿಗೆ ಅದನ್ನೇ ಮೂರು ಸಲ ಹೇಳಿದರೆ ಅವರು ಆಕಳಿಸುತ್ತಾರೆ, ನೀವು ಸಂಗತಿ ಬದಲಿಸುತ್ತೀರಿ. ಬರೆದು ಬಾಯಿಪಾಠ ಮಾಡಿ ಹೋದರೂ ಲಾಭವಿಲ್ಲ.

ಹಂತ 3: ಕೌಂಟರಿಗೆ

ಅಳುಕಿನ ಮೆಟ್ಟಿಲುಗಳನ್ನು ಸಣ್ಣದರಿಂದ ಜೋಡಿಸಿ. ಮೊದಲು ಚಹಾದ ಹೊತ್ತಿಗೆ ಒಬ್ಬ ಸಹೋದ್ಯೋಗಿ. ಆಮೇಲೆ ಸಾಲು ಕರಗಿದ ಮೇಲೆ ಬರುವ ಪರಿಚಯದ ಗ್ರಾಹಕ. ಆಮೇಲೆ ಹಿಂದೆ ನಾಲ್ಕು ಜನ ಕಾಯುತ್ತಿರುವಾಗ ಅಪರಿಚಿತರು. ಫೋನು ಕೊನೆಗೆ, ಮುಖವೂ ಕೈಸನ್ನೆಯೂ ಕಾಣದ ಕಾರಣ ಅದೇ ಕಷ್ಟ. ಒಂದು ಮೆಟ್ಟಿಲಲ್ಲಿ ಎದೆಬಡಿತ ಇಳಿಯುವವರೆಗೆ ಇದ್ದು ಮುಂದಕ್ಕೆ ಹೋಗಿ. ಭಯ ತುತ್ತತುದಿಯಲ್ಲಿರುವಾಗ ಕನ್ನಡಕ್ಕೆ ಓಡಿದರೆ ಅದು ಇನ್ನಷ್ಟು ಬೇರೂರುತ್ತದೆ.

ಸಹೋದ್ಯೋಗಿಯ ಜೊತೆ ಎರಡು ಕರಾರು ಮಾಡಿಕೊಳ್ಳಿ. ನೀವು ತಡವರಿಸಿದಾಗ ಅವರು ಮನಸ್ಸಿನಲ್ಲೇ ಐದು ಎಣಿಸಬೇಕು, ಕನ್ನಡಕ್ಕೆ ಬರಕೂಡದು. ತಪ್ಪನ್ನು ನಡುವೆ ತಿದ್ದದೆ, ಮಾತು ಮುಗಿದ ಮೇಲೆ ಒಂದೆರಡನ್ನು ಮಾತ್ರ ಹೇಳಬೇಕು. ಪದ ಸಿಗದಿದ್ದರೆ ಆ ಒಂದು ಪದವನ್ನು ಕನ್ನಡದಲ್ಲೇ ಇಟ್ಟು ವಾಕ್ಯವನ್ನು ಕೊಂಕಣಿಯಲ್ಲೇ ಮುಗಿಸಿ. ಬಡ್ಡಿದರ, ಜಾಮೀನಿನ ಷರತ್ತಿನಂಥ ವಿಷಯಗಳನ್ನು ಮಾತ್ರ ಕನ್ನಡದಲ್ಲೇ ಹೇಳಿ. ಗ್ರಾಹಕರ ಹಣದ ಮೇಲೆ ಭಾಷಾಭ್ಯಾಸ ಬೇಡ.

ಆರು ವಾರ ಕಳೆದ ಮೇಲೆ ಅದೇ ವಿಷಯವನ್ನು ಮತ್ತೆ ರೆಕಾರ್ಡ್ ಮಾಡಿ, ಹಳೆಯದರ ಪಕ್ಕದಲ್ಲಿಟ್ಟು ಕೇಳಿ. ತಪ್ಪುಗಳನ್ನು ಎಣಿಸಬೇಡಿ, ಹೆಚ್ಚು ಮಾತಾಡಿದರೆ ತಪ್ಪೂ ಹೆಚ್ಚುತ್ತದೆ. ಎರಡು ನಿಲುಗಡೆಗಳ ನಡುವೆ ಎಷ್ಟು ಪದ ಸಲೀಸಾಗಿ ಬಂತು ಎಂದು ಎಣಿಸಿ. ಆ ಸಂಖ್ಯೆ ಏರದಿದ್ದರೆ ಹಂತ 2ಕ್ಕೆ ಮರಳಿ. ಕನ್ನಡದಲ್ಲಿಯೂ ನಾಲ್ಕು ಜನರೆದುರು ಬಾಯಿ ಒಣಗುತ್ತದೆ, ಕೈ ನಡುಗುತ್ತದೆ ಎನ್ನುವವರ ತೊಂದರೆ ಕೊಂಕಣಿಯದಲ್ಲ, ಅವರು ಆಪ್ತಸಮಾಲೋಚಕರನ್ನು ಕಾಣುವುದು ಒಳ್ಳೆಯದು.