ಅರ್ಧ ವ್ಯಾಟ್‌ನ ರೆಸಿಸ್ಟರ್ ಏಕೆ ಸುಡುತ್ತಿತ್ತು: ನನ್ನ ಅನುಭವ

ಸಿಂಧನೂರು ಕಡೆಯ ರೈತರಿಗೆ ನಾನು ಮಾಡಿಕೊಟ್ಟ ಬೋರ್‌ವೆಲ್ ಪಂಪಿನ ಪ್ಯಾನೆಲ್‌ಗಳಲ್ಲಿ ಇಪ್ಪತ್ತರಷ್ಟು ಒಂದೇ ಬೇಸಿಗೆಯಲ್ಲಿ ಮರಳಿ ಬಂದವು. ಎಲ್ಲದರಲ್ಲೂ ದೋಷ ಒಂದೇ ಆಗಿತ್ತು: 24 ವೋಲ್ಟ್ ಲೈನಿನಿಂದ 12 ವೋಲ್ಟಿನ ರಿಲೇಗೆ ಹಾಕಿದ್ದ 390 ಓಮ್‌ನ ರೆಸಿಸ್ಟರಿನ ಕೆಳಗೆ ಬೋರ್ಡು ಕಂದಿತ್ತು, ಬಣ್ಣದ ಪಟ್ಟಿಗಳು ಗುರುತು ಸಿಗದಷ್ಟು ಕಪ್ಪಾಗಿದ್ದವು. ಕೆಲವು ಪೂರ್ತಿ ಕಡಿದುಹೋಗಿರಲಿಲ್ಲ, ಆದರೆ ಅವುಗಳ ರೋಧ 500 ಓಮ್ ದಾಟಿತ್ತು. ಅಂಥವುಗಳಲ್ಲಿ ವೋಲ್ಟೇಜ್ ಕುಸಿದಾಗ ರಿಲೇ ಎಳೆಯುತ್ತಲೇ ಇರಲಿಲ್ಲ. ಐವತ್ತು ಪೈಸೆಯ ವಸ್ತುವಿಗಾಗಿ ಓಡಾಟಕ್ಕೇ ಆರೇಳು ಸಾವಿರ ರೂಪಾಯಿ ಖರ್ಚಾಯಿತು.

ರಿಲೇಯ ಕಾಯಿಲ್ 400 ಓಮ್ ಆದ್ದರಿಂದ ನನ್ನ ಲೆಕ್ಕಕ್ಕೆ 0.36 ವ್ಯಾಟ್ ಬಂದಿತ್ತು, ಅರ್ಧ ವ್ಯಾಟ್ ಸಾಕೆಂದು ಭಾವಿಸಿದ್ದೆ. ಪರಿಚಯದ ಅಂಗಡಿಯವರೊಬ್ಬರು ಐದು ವ್ಯಾಟಿನ ಸಿಮೆಂಟ್ ರೆಸಿಸ್ಟರ್ ಹಾಕಿ ಮುಗಿಸಿ ಎಂದರು. ಹಾಕಿದೆ. ಅದು ಸುಡಲಿಲ್ಲ, ಆದರೆ ಕಾಂಟ್ಯಾಕ್ಟರಿನ ಹೊಡೆತಕ್ಕೆ ಆ ಭಾರದ ತುಂಡು ಅಲುಗಾಡಿ ನಾಲ್ಕೈದು ಪ್ಯಾನೆಲ್‌ಗಳಲ್ಲಿ ಬೆಸುಗೆಯೇ ಬಿರುಕು ಬಿಟ್ಟಿತು.

ಆಮೇಲೆ ಹೊಲಕ್ಕೇ ಹೋಗಿ ಅಳೆದೆ. ರಾತ್ರಿ ಲೋಡು ಇಳಿದಾಗ ನಮ್ಮ 24 ವೋಲ್ಟ್ 28ಕ್ಕೆ ಏರುತ್ತಿತ್ತು. ಆಗ ರೆಸಿಸ್ಟರಿನ ಮೇಲೆ ಬೀಳುತ್ತಿದ್ದುದು 0.49 ವ್ಯಾಟ್. ಹಗಲು ಬಿಸಿಲಿನಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ, ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ಸುಮಾರು 85 ಡಿಗ್ರಿ ಇತ್ತು. ನಾನು ಬಳಸುತ್ತಿದ್ದ ಫಿಲ್ಮ್ ರೆಸಿಸ್ಟರಿಗೆ ಪೂರ್ಣ ವ್ಯಾಟ್ ಸಿಗುವುದು 70 ಡಿಗ್ರಿಯವರೆಗೆ ಮಾತ್ರ, ಅಲ್ಲಿಂದ ಒಂದೇ ಸಮನೆ ಇಳಿಯುತ್ತಾ 155ಕ್ಕೆ ಅದು ಸೊನ್ನೆಯಾಗುತ್ತದೆ. 70ರಿಂದ 155ರವರೆಗಿನ ಅಂತರ 85 ಡಿಗ್ರಿ, ಪೆಟ್ಟಿಗೆಯ 85ರಿಂದ 155ಕ್ಕೆ ಉಳಿದಿರುವುದು 70. ಹಾಗಾಗಿ 85ರಲ್ಲಿ ಉಳಿಯುವುದು 70/85 ಪಾಲು, ಅಂದರೆ ಅರ್ಧ ವ್ಯಾಟಿನದು 0.41 ವ್ಯಾಟ್ ಅಷ್ಟೇ. ಮಾಮೂಲಿ 24 ವೋಲ್ಟಿನಲ್ಲೂ ಅದು ಅಂಚಿನಲ್ಲೇ ದುಡಿಯುತ್ತಿತ್ತು, ಸಂಜೆ ಪೆಟ್ಟಿಗೆ ಆರುವ ಮುನ್ನ ವೋಲ್ಟೇಜ್ ಏರಿದರೆ ಮಿತಿ ಮೀರುತ್ತಿತ್ತು.

ಒಂದರ ಬದಲು 180 ಮತ್ತು 220 ಓಮ್‌ನ ಒಂದೊಂದು ವ್ಯಾಟಿನ ಎರಡು ರೆಸಿಸ್ಟರುಗಳನ್ನು ಸರಣಿಯಲ್ಲಿ ಹಾಕಿದೆ. 28 ವೋಲ್ಟಿನಲ್ಲಿ ದೊಡ್ಡದರ ಪಾಲಿಗೆ 0.27 ವ್ಯಾಟ್ ಬರುತ್ತದೆ. 85 ಡಿಗ್ರಿಯಲ್ಲಿ ಅದು ತಡೆಯಬಲ್ಲದ್ದು 0.82, ಅಂದರೆ ಮೂರನೇ ಒಂದು ಭಾಗದಷ್ಟೇ ಹೊರೆ. ಒಟ್ಟು ಶಾಖ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ವ್ಯಾಟ್ ಹೆಚ್ಚಿಸಿದ ಮಾತ್ರಕ್ಕೆ ಅದು ತಗ್ಗುವುದಿಲ್ಲ, ಹರಡಿಕೊಳ್ಳುತ್ತದೆ. ಆದ್ದರಿಂದ ಎರಡನ್ನೂ ಒತ್ತೊತ್ತಾಗಿ ಇಡದೆ, ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನಿಂದ ದೂರವಿಟ್ಟೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಕಾಲುಗಳನ್ನು ಉದ್ದ ಬಿಟ್ಟು ಐದು ಮಿಲಿಮೀಟರ್ ಎತ್ತರಿಸಿದಾಗ ಬೋರ್ಡು ತಣ್ಣಗಾಯಿತು, ಆದರೆ ರೆಸಿಸ್ಟರಿನ ಮೈ ಏಳೆಂಟು ಡಿಗ್ರಿ ಹೆಚ್ಚು ಕಾಯಿತು, ಏಕೆಂದರೆ ಚಿಕ್ಕ ರೆಸಿಸ್ಟರಿನ ಶಾಖದ ದೊಡ್ಡ ಪಾಲು ಕಾಲುಗಳ ಮೂಲಕವೇ ತಾಮ್ರಕ್ಕೆ ಇಳಿಯುತ್ತದೆ. ಅದಕ್ಕಾಗಿ ಕಾಲುಗಳನ್ನು ಗಿಡ್ಡವಾಗಿಟ್ಟು ತಾಮ್ರದ ಪ್ಯಾಡನ್ನು ಅಗಲ ಮಾಡಿದೆ. ಇದನ್ನು ಅಳೆಯಲು ಗನ್ ಥರ್ಮಾಮೀಟರ್ ಬೇಡ; ಅದರ ನೋಟದ ವೃತ್ತ ರೆಸಿಸ್ಟರಿಗಿಂತ ದೊಡ್ಡದು, ಸುತ್ತಲಿನದನ್ನೂ ಸೇರಿಸಿ ಕಡಿಮೆ ತೋರಿಸುತ್ತದೆ. ತೆಳು ತಂತಿಯ ಥರ್ಮೋಕಪಲ್ಲನ್ನೇ ಮೈಗೆ ಅಂಟಿಸಬೇಕು. ನಾನು ಅದನ್ನು ಯಾವುದರಿಂದ ಅಂಟಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಪ್ಯಾನೆಲಿಗೆ ಹೆಚ್ಚು ಬಿದ್ದದ್ದು ಮೂರು ರೂಪಾಯಿಯೊಳಗೆ. ನೂರಿಪ್ಪತ್ತರಷ್ಟು ಪ್ಯಾನೆಲ್‌ಗಳು ಎರಡು ಬೇಸಿಗೆ ಕಳೆದಿವೆ, ಈ ದೋಷದಿಂದ ಒಂದೂ ಮರಳಿಲ್ಲ. ಸಿಮೆಂಟಿನದೇ ಬೇಕೆಂದಿದ್ದ ಅಂಗಡಿಯವರು ಈಗ ತಮ್ಮ ಬೋರ್ಡುಗಳಿಗೂ ಇದೇ ಜೋಡಿಯನ್ನು ಒಯ್ಯುತ್ತಾರೆ.