ಎರಡು ಪಿ, ಒಂದು ಕ್ಯೂಆರ್‌ಎಸ್: ತಡೆ ಎಲ್ಲಿದೆ ಎಂದು ನಾನು ಹುಡುಕುವ ಬಗೆ

ಕಾರ್ಕಳ, ಹೆಬ್ರಿ ಕಡೆಯಿಂದ ಫೋನಿಗೆ ಬರುವ ಇಸಿಜಿ ಫೋಟೊಗಳಲ್ಲಿ ನಾನು ಸುಲಭವಾಗಿ ನಂಬದ ಒಂದು ಸಾಲು ಇದೆ. ಅದು ಕಾಗದದ ಮೇಲ್ತುದಿಯಲ್ಲಿ ಯಂತ್ರವೇ ಮುದ್ರಿಸಿಕೊಡುವ ‘ಸೈನಸ್ ಬ್ರಾಡಿಕಾರ್ಡಿಯಾ’. ವಯಸ್ಸಾದವರ ನಾಡಿ ನಲವತ್ತರ ಆಸುಪಾಸಿನಲ್ಲಿದ್ದು, ಕೆಳಗಿನ ಕೋಣೆಗಳ ಅಲೆಯಾದ ಕ್ಯೂಆರ್‌ಎಸ್ ಅಗಲವಾಗಿದ್ದರೆ ಆ ಸಾಲನ್ನು ಬೆರಳಿನಿಂದ ಮುಚ್ಚಿ ಅಲೆಗಳನ್ನು ಮಾತ್ರ ನೋಡುತ್ತೇನೆ. ಯಂತ್ರ ಎಡವುವುದು ಹೆಚ್ಚಾಗಿ ಒಂದೇ ಕಡೆ: ಟಿ ಅಲೆಯ ಬಾಲದಲ್ಲಿ ಅಡಗಿ ಕೂತ ಪಿ, ಅಂದರೆ ಮೇಲಿನ ಕೋಣೆಗಳ ಅಲೆ, ಅದಕ್ಕೆ ಕಾಣುವುದಿಲ್ಲ.

ಒಂದು ಕೇಸನ್ನೇ ಹಿಡಿದು ಹೇಳುತ್ತೇನೆ. ಎಪ್ಪತ್ತು ದಾಟಿದ ಹೆಂಗಸು, ಬಿಪಿಗೆ ಅಟೆನೊಲಾಲ್ 50 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದವರು. ಹಟ್ಟಿಯಲ್ಲಿ ಬಿದ್ದು ಹಣೆಗೆ ಗಾಯವಾಗಿತ್ತು. “ಕಣ್ಣು ಕತ್ತಲೆ ಬಂತು ಡಾಕ್ಟ್ರೇ, ಮತ್ತೆ ಎಂತ ಆಯ್ತು ಗೊತ್ತಿಲ್ಲ” ಎಂದರು. ಮುನ್ಸೂಚನೆಯಿಲ್ಲದೆ ಬೀಳುವುದು, ಕೈ ಊರಿಕೊಳ್ಳಲೂ ಆಗದೆ ಮುಖಕ್ಕೇ ಪೆಟ್ಟು ಮಾಡಿಕೊಳ್ಳುವುದು, ಒಂದೆರಡು ನಿಮಿಷದಲ್ಲಿ ಏನೂ ಆಗದವರಂತೆ ಎದ್ದು ಕೂರುವುದು: ಇಷ್ಟು ಕೇಳಿದರೆ ‘ನಿಶ್ಶಕ್ತಿ’ ಎಂದು ಗ್ಲೂಕೋಸ್ ಹಾಕಿ ಕಳಿಸುವ ಮಾತಿಲ್ಲ. ಬಿಪಿ 170/60 ಇತ್ತು. ನಿಧಾನ ನಾಡಿಯಲ್ಲಿ ಪ್ರತಿ ಬಡಿತಕ್ಕೂ ಹೃದಯ ಹೆಚ್ಚು ರಕ್ತ ತುಂಬಿಕೊಂಡು ದೂಡುತ್ತದೆ, ಹಾಗಾಗಿ ಮೇಲಿನ ಅಂಕಿ ಏರುತ್ತದೆ. ಇದನ್ನು ಬಿಪಿ ಹೆಚ್ಚಾಯಿತೆಂದು ಎಣಿಸಿ ಅಟೆನೊಲಾಲ್ ಪ್ರಮಾಣ ಏರಿಸಿದರೆ ಇನ್ನಷ್ಟು ತೊಂದರೆ.

ಈಗ ಕಾಗದಕ್ಕೆ ಬರೋಣ. ವೇಗ ಸೆಕೆಂಡಿಗೆ 25 ಮಿಲಿಮೀಟರ್ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಆಗ ಒಂದು ಚಿಕ್ಕ ಚೌಕ ಎಂದರೆ 40 ಮಿಲಿಸೆಕೆಂಡ್. ಇವರಲ್ಲಿ ಒಂದು ಆರ್‌ನಿಂದ ಮುಂದಿನ ಆರ್‌ಗೆ 34 ಚಿಕ್ಕ ಚೌಕ. 1500ನ್ನು 34ರಿಂದ ಭಾಗಿಸಿದರೆ ನಿಮಿಷಕ್ಕೆ 44. ಪ್ರತಿ ಕ್ಯೂಆರ್‌ಎಸ್‌ಗೆ ಮುಂಚೆ ಒಂದು ಚೆಂದದ ಪಿ, ಪಿಆರ್ ನಾಲ್ಕೂವರೆ ಚೌಕ ಅಂದರೆ 180 ಮಿಲಿಸೆಕೆಂಡ್. 200ರ ಒಳಗಿರುವುದರಿಂದ ಫಸ್ಟ್ ಡಿಗ್ರಿ ಬ್ಲಾಕ್ ಕೂಡ ಅಲ್ಲ. ಇಲ್ಲಿಗೇ ನಿಲ್ಲಿಸಿದರೆ ಯಂತ್ರ ಹೇಳಿದ್ದು ಸರಿ ಎಂದೇ ಅನಿಸುತ್ತದೆ.

ನಾನು ಇಲ್ಲಿ ಮಾಡುವ ಕೆಲಸ ಒಂದೇ. ಕಾಣುವ ಎರಡು ಪಿಗಳ ನಟ್ಟನಡುವೆ, ಅಂದರೆ ಸುಮಾರು 17ನೇ ಚೌಕದಲ್ಲಿ, ಏನಿದೆ ಎಂದು ಹನ್ನೆರಡು ಲೀಡ್‌ಗಳಲ್ಲೂ ನೋಡುತ್ತೇನೆ. ಲೀಡ್ 2ರಲ್ಲಿ ಟಿ ಅಲೆಯ ಬಾಲ ಸ್ವಲ್ಪ ಉಬ್ಬಿತ್ತು, ಅಷ್ಟೇ. ಅದನ್ನು ಯು ಅಲೆ ಎಂದೂ ಹೇಳಿಬಿಡಬಹುದಿತ್ತು. ವಿ1ರಲ್ಲಿ ಮಾತ್ರ ಅದೇ ಜಾಗದಲ್ಲಿ ಚೂಪಾದ ಪುಟ್ಟ ಅಲೆ, ಆಕಾರ ಮೊದಲಿನ ಪಿಯದ್ದೇ. ಅದು ಸರಿಯಾಗಿ ನಡುವಿನಲ್ಲಿ ಬೀಳದೆ ಅರ್ಧ ಚೌಕ ಬೇಗ ಬಂದಿತ್ತು. ಇದರಿಂದ ಗೊಂದಲ ಬೇಡ, ನಡುವೆ ಕ್ಯೂಆರ್‌ಎಸ್ ಇರುವ ಪಿ-ಪಿ ಅಂತರ ಇಲ್ಲದಿರುವ ಅಂತರಕ್ಕಿಂತ ತುಸು ಕಿರಿದಾಗುವುದು ಇಂಥ ಬ್ಲಾಕ್‌ಗಳಲ್ಲಿ ಸಾಮಾನ್ಯ. ಆದರೆ ಚೌಕಗಟ್ಟಲೆ ಬೇಗ ಬಂದು ಆಕಾರವೂ ಬೇರೆಯಾಗಿದ್ದರೆ ಅದು ಏಟ್ರಿಯಲ್ ಎಕ್ಟೋಪಿಕ್, ಕಾಲಕ್ಕೆ ಮೊದಲೇ ಬಂದದ್ದರಿಂದ ಕೆಳಗಿಳಿಯದೆ ಉಳಿದದ್ದು. ಅದಕ್ಕೆ ಪೇಸ್‌ಮೇಕರ್ ಬೇಡ. ಈ ಎರಡನ್ನು ಅದಲುಬದಲು ಮಾಡಿ ರೋಗಿಯನ್ನು ಹೆದರಿಸುವುದು ನಡೆಯುತ್ತಲೇ ಇರುತ್ತದೆ.

ಹಾಗಾದರೆ ಮೇಲಿನ ಕೋಣೆಗಳ ಬಡಿತ 88, ಕೆಳಗಿನವುಗಳದ್ದು 44. ಇದು 2:1 ಬ್ಲಾಕ್. ಸೆಕೆಂಡ್ ಡಿಗ್ರಿ ಎನ್ನುವುದು ಖಚಿತ, ಆದರೆ ಅದರಲ್ಲಿ ಯಾವ ಬಗೆ ಎಂದು ಇಷ್ಟರಿಂದ ಹೇಳುವಂತಿಲ್ಲ. ವೆಂಕೆಬಾಕ್ ಬಗೆಯಲ್ಲಿ ಪಿಆರ್ ಬಡಿತದಿಂದ ಬಡಿತಕ್ಕೆ ಉದ್ದವಾಗುತ್ತಾ ಹೋಗಿ ಒಂದು ಪಿ ಬಿದ್ದುಹೋಗುತ್ತದೆ. ಮೋಬಿಟ್ಸ್ 2ರಲ್ಲಿ ಪಿಆರ್ ಕದಲದೆ ಇದ್ದು ತಟ್ಟನೆ ಒಂದು ಬೀಳುತ್ತದೆ. ಪಿಆರ್ ಉದ್ದವಾಗುತ್ತಿದೆಯೇ ಎಂದು ತಿಳಿಯಲು ಒಂದರ ಹಿಂದೆ ಒಂದು ಎರಡು ಪಿ ಆದರೂ ಕೆಳಗಿಳಿಯಬೇಕು. 2:1ರಲ್ಲಿ ಆ ಅವಕಾಶವೇ ಇಲ್ಲ. (1899ರಲ್ಲಿ ವೆಂಕೆಬಾಕ್, 1906ರಲ್ಲಿ ಜಾನ್ ಹೇ ಈ ಎರಡು ಬಗೆಗಳನ್ನು ಗುರುತಿಸಿದ್ದು ಇಸಿಜಿಯಿಂದ ಅಲ್ಲ, ಮಣಿಕಟ್ಟಿನ ಮತ್ತು ಕುತ್ತಿಗೆಯ ನಾಡಿಯ ಗೀಟುಗಳಿಂದ. ಇಂದಿಗೂ ಕುತ್ತಿಗೆಯ ರಕ್ತನಾಳದ ಅಲೆ ಕೈನಾಡಿಯ ಎರಡರಷ್ಟು ಬಡಿಯುತ್ತಿದ್ದರೆ ಯಂತ್ರ ಬರುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ.)

ಬಗೆಯ ಹೆಸರು ಮುಖ್ಯವಲ್ಲ, ತಡೆ ಎಲ್ಲಿ ಎನ್ನುವುದು ಮುಖ್ಯ. ಎವಿ ನೋಡ್‌ನಲ್ಲಿ ತಡೆಯಿದ್ದರೆ ಅದರ ಕೆಳಗಿನ ಹಿಸ್ ಬಂಡಲ್ ನಿಮಿಷಕ್ಕೆ 40ರಿಂದ 60ರ ವೇಗದಲ್ಲಿ ಹೃದಯವನ್ನು ನಡೆಸಿಕೊಂಡು ಹೋಗಬಲ್ಲದು. ಅದಕ್ಕಿಂತ ಕೆಳಗೆ, ಬಂಡಲ್ ಬ್ರಾಂಚುಗಳ ಮಟ್ಟದಲ್ಲಿ ತಡೆಯಿದ್ದರೆ ಉಳಿಯುವ ಆಸರೆ 20ರಿಂದ 40, ಅದೂ ಯಾವಾಗ ಕೈಕೊಡುತ್ತದೋ ಹೇಳಲಾಗದು. ಬಂಡಲ್ ಬ್ರಾಂಚ್ ಬ್ಲಾಕ್ ಕೆಲಸಕ್ಕೆ ಬರುವುದು ಈ ಪ್ರಶ್ನೆಯಲ್ಲಿ.

ಇವರ ಕ್ಯೂಆರ್‌ಎಸ್ ಮೂರೂವರೆ ಚೌಕ, 140 ಮಿಲಿಸೆಕೆಂಡ್. 120 ದಾಟಿದರೆ ಅಗಲ. ವಿ1ರಲ್ಲಿ ಮೊಲದ ಕಿವಿಯ ಹಾಗೆ ಎರಡು ಆರ್, ಲೀಡ್ 1 ಮತ್ತು ವಿ6ರಲ್ಲಿ ಅಗಲವಾಗಿ ಎಳೆದ ಎಸ್. ಇದು ಬಲ ಬ್ರಾಂಚ್ ಬ್ಲಾಕ್. ಎಡ ಬ್ರಾಂಚ್ ಆಗಿದ್ದರೆ ವಿ1 ಪೂರ್ತಿ ಕೆಳಮುಖವಾಗಿ, ವಿ6ರಲ್ಲಿ ತಲೆ ಸೀಳಿದ ಅಗಲ ಆರ್ ಇರುತ್ತಿತ್ತು. ಅಲ್ಲಿಗೆ ನಿಲ್ಲಿಸದೆ ಲೀಡ್ 1 ಮತ್ತು 2ನ್ನು ಜೋಡಿಯಾಗಿ ನೋಡಬೇಕು: 1 ಮೇಲ್ಮುಖ, 2 ಕೆಳಮುಖ. 2, 3, ಎವಿಎಫ್ ಮೂರರಲ್ಲೂ ಚಿಕ್ಕ ಆರ್, ಆಳದ ಎಸ್. ಆಕ್ಸಿಸ್ ಸುಮಾರು ಮೈನಸ್ 60 ಡಿಗ್ರಿ. ಎಂದರೆ ಎಡ ಬ್ರಾಂಚಿನ ಮುಂದಿನ ಕವಲೂ ಕೆಟ್ಟಿದೆ. ಕೆಳಗೆ ಇಳಿಯುವ ಮೂರು ದಾರಿಗಳಲ್ಲಿ ಎರಡು ಮುಚ್ಚಿವೆ, ಎಡದ ಹಿಂದಿನ ಕವಲೊಂದೇ ಉಳಿದಿದೆ. ಪಿ ಬಿದ್ದುಹೋಗುತ್ತಿರುವುದು ಆ ಕೊನೆಯ ದಾರಿಯೂ ಆಗಾಗ ಮುಚ್ಚುತ್ತಿರುವುದರಿಂದ ಎಂದು ಶಂಕಿಸಲು ಇಷ್ಟು ಸಾಕು. ಸಾಬೀತಿಗೆ ಸಾಕಾಗದು, ಏಕೆಂದರೆ ಹಳೆಯ ಬ್ರಾಂಚ್ ಬ್ಲಾಕ್ ಇದ್ದವರಿಗೂ ನೋಡ್‌ನಲ್ಲಿ ತಡೆ ಬರಬಹುದು.

ಆದ್ದರಿಂದ ಉದ್ದದ ಪಟ್ಟಿ ಬೇಕು. ಲೀಡ್ 2 ಅಥವಾ ವಿ1ರಲ್ಲಿ ಒಂದು ನಿಮಿಷ ಓಡಿಸಿದರೆ ಒಂದೂವರೆ ಮೀಟರ್ ಕಾಗದ ಹೋಗುತ್ತದೆ, ಸಿಸ್ಟರ್ ಗೊಣಗಿದರೂ ಸರಿ. ಇವರ ಪಟ್ಟಿಯಲ್ಲಿ ಒಂದು ಕಡೆ ಎರಡು ಪಿ ಸಾಲಾಗಿ ಕೆಳಗಿಳಿದು ಮೂರನೆಯದು ನಿಂತಿತ್ತು. ಎರಡರ ಪಿಆರ್ ಕೂಡ 180. ಎರಡನೆಯದು 220ಕ್ಕೋ 240ಕ್ಕೋ ಹೋಗಿದ್ದರೆ ವೆಂಕೆಬಾಕ್, ನೋಡ್‌ನ ತಡೆ ಎನ್ನುತ್ತಿದ್ದೆ. ಕದಲಲಿಲ್ಲ, ಹಾಗಾಗಿ ಮೋಬಿಟ್ಸ್ 2.

ಅಟ್ರೋಪಿನ್ ಕೊಟ್ಟು ನೋಡೋಣವೇ ಎಂದು ಫೋನಿನಲ್ಲಿ ಕೇಳುತ್ತಾರೆ. ಇಂಥ ಚಿತ್ರವಿದ್ದಾಗ ಪರೀಕ್ಷೆಗೆಂದು ಕೊಡಬೇಡಿ ಎನ್ನುತ್ತೇನೆ. ಅಟ್ರೋಪಿನ್ ಸೈನಸ್ಸಿನ ವೇಗ ಏರಿಸುತ್ತದೆ, ನೋಡ್ ಅನ್ನು ಸಡಿಲಿಸುತ್ತದೆ, ಅದರ ಕೆಳಗೆ ಏನೂ ಮಾಡದು. 88 ಇದ್ದ ಪಿ 108ಕ್ಕೆ ಏರಿದರೆ ದಣಿದ ಆ ಕವಲು ಎರಡರ ಬದಲು ಮೂರಕ್ಕೆ ಒಂದನ್ನು ಬಿಡುತ್ತದೆ, ನಾಡಿ 36ಕ್ಕೆ ಕುಸಿಯುತ್ತದೆ. ರೋಗಿಯನ್ನು ನಾಲ್ಕು ಹೆಜ್ಜೆ ನಡೆಸಿದರೂ ಇದೇ ಪರಿಣಾಮ. ನೋಡ್‌ನ ತಡೆಯಾದರೆ ನಡೆದಾಗ ಸುಧಾರಿಸುತ್ತದೆ. ರೋಗಿ ಕುಸಿದಿದ್ದು ಬೇರೇನೂ ಕೈಯಲ್ಲಿಲ್ಲದಿದ್ದರೆ ಅಟ್ರೋಪಿನ್ ಕೊಡುವುದು ತಪ್ಪಲ್ಲ, ಆದರೆ ಅದನ್ನೇ ನಂಬಿ ಕೂರಬಾರದು. ಎದೆಗೆ ಪೇಸಿಂಗ್ ಪ್ಯಾಡ್ ಅಂಟಿಸಿಯೇ ಆಂಬುಲೆನ್ಸ್ ಹತ್ತಿಸಬೇಕು. ಪೇಸಿಂಗ್ ಶುರುಮಾಡಿದರೆ ಪರದೆಯ ಮೇಲಿನ ಗೀಟು ನೋಡಿ ತೃಪ್ತಿಪಡದೆ ತೊಡೆಸಂದಿನ ನಾಡಿ ಮುಟ್ಟಿ ನೋಡಬೇಕು. ಸ್ನಾಯು ಅದುರುವುದೇ ಎಷ್ಟೋ ಸಲ ಕ್ಯೂಆರ್‌ಎಸ್‌ನಂತೆ ಕಾಣುತ್ತದೆ.

ಪೇಸ್‌ಮೇಕರ್ ಎನ್ನುವ ಮೊದಲು ತಾನಾಗಿ ಹೋಗುವ ಕಾರಣ ಇದೆಯೇ ಎಂದು ನೋಡಲೇಬೇಕು. ಪೊಟ್ಯಾಸಿಯಂ, ಕ್ರಿಯಾಟಿನಿನ್, ಥೈರಾಯ್ಡ್, ಟ್ರೋಪೊನಿನ್ ನೋಡುತ್ತೇವೆ. ಮಾತ್ರೆಗಳ ಪಟ್ಟಿ ಕೇಳುವಾಗ ಕಣ್ಣಿನ ಡ್ರಾಪ್ಸ್ ಕೇಳಲು ಮರೆಯಬಾರದು, ಗ್ಲಾಕೋಮಾಕ್ಕೆ ಹಾಕುವ ಟೈಮೊಲಾಲ್ ಕೂಡ ಬೀಟಾ ಬ್ಲಾಕರ್. ಜ್ವರವಿದ್ದರೆ, ಅದರಲ್ಲೂ ಮಳೆಗಾಲದಲ್ಲಿ, ಡೆಂಗಿ ಮತ್ತು ಇಲಿಜ್ವರದ ಮಯೋಕಾರ್ಡೈಟಿಸ್ ನೆನಪಿರಲಿ. ಹರೆಯದವರಲ್ಲಿ ವಾಂತಿಯ ಜೊತೆ ಬ್ಲಾಕ್ ಕಂಡರೆ ಕಣಗಿಲೆ ತಿಂದಿರಬಹುದೇ ಎಂದು ಮನೆಯವರನ್ನು ಹೊರಗೆ ಕೂರಿಸಿ ಕೇಳಬೇಕಾಗುತ್ತದೆ. ಹೃದಯದ ಕೆಳಭಾಗದ ಹಾರ್ಟ್ ಅಟ್ಯಾಕ್‌ನಲ್ಲಿ ಬರುವ ಬ್ಲಾಕ್ ಹೆಚ್ಚಾಗಿ ನೋಡ್‌ನದ್ದು, ಕೆಲವು ದಿನಗಳಲ್ಲಿ ಸರಿಹೋಗುತ್ತದೆ, ಅಲ್ಲಿ ಕಾಯಂ ಪೇಸ್‌ಮೇಕರ್ ಹಾಕಲು ಅವಸರ ಬೇಡ.

ಇವರ ವರದಿಗಳೆಲ್ಲ ಸರಿಯಿದ್ದವು. ಉಳಿದದ್ದು ಅಟೆನೊಲಾಲ್. ‘ಮಾತ್ರೆ ನಿಲ್ಲಿಸಿ ಮನೆಗೆ ಕಳಿಸಿ, ವಾರ ಬಿಟ್ಟು ನೋಡುವ’ ಎಂಬ ಸಲಹೆ ಇಲ್ಲಿ ಅಪಾಯ. ಅಟೆನೊಲಾಲ್ ಕೆಲಸ ಮಾಡುವುದು ನೋಡ್‌ನ ಮೇಲೆ, ಇವರ ತಡೆ ಇರುವುದು ಅದರ ಕೆಳಗೆ. ಮಾತ್ರೆ ನಿಲ್ಲಿಸಿದೆವು, ಆದರೆ ಮಾನಿಟರ್ ಕೆಳಗೇ ಇಟ್ಟುಕೊಂಡೆವು. ಮರುದಿನವೂ ಬ್ಲಾಕ್ ಹಾಗೇ ಇತ್ತು, ನಡುನಡುವೆ 3:1.

ಮೋಬಿಟ್ಸ್ 2, ಸಾಲಾಗಿ ಎರಡೋ ಹೆಚ್ಚೋ ಪಿ ಬೀಳುವ ಹೈ ಗ್ರೇಡ್ ಬ್ಲಾಕ್, ಪಿ ಮತ್ತು ಕ್ಯೂಆರ್‌ಎಸ್ ಸಂಬಂಧವೇ ಕಡಿದುಹೋದ ಥರ್ಡ್ ಡಿಗ್ರಿ: ಈ ಮೂರಕ್ಕೆ, ಸರಿಪಡಿಸಬಹುದಾದ ಕಾರಣ ಇಲ್ಲದಿದ್ದರೆ, ತಲೆತಿರುಗು ಇರಲಿ ಬಿಡಲಿ ಪೇಸ್‌ಮೇಕರ್ ಹಾಕಬೇಕು. ಒಮ್ಮೆ ಬಲ, ಇನ್ನೊಮ್ಮೆ ಎಡ ಬ್ರಾಂಚ್ ಬ್ಲಾಕ್ ಅದೇ ರೋಗಿಯಲ್ಲಿ ಕಂಡರೂ ಅಷ್ಟೇ. ವೆಂಕೆಬಾಕ್‌ಗೆ ತೊಂದರೆ ಇದ್ದರೆ ಮಾತ್ರ. ಫಸ್ಟ್ ಡಿಗ್ರಿಗೆ ಬಹುತೇಕ ಬೇಡ, ಪಿಆರ್ 300 ದಾಟಿ ಅದರಿಂದಲೇ ಸುಸ್ತಾಗುತ್ತಿದ್ದರೆ ಯೋಚಿಸಬಹುದು. ಬ್ರಾಂಚ್ ಬ್ಲಾಕ್ ಇದ್ದು ಎಲ್ಲ ಪಿಗಳೂ ಇಳಿಯುತ್ತಿದ್ದರೂ ಎಚ್ಚರ ತಪ್ಪಿ ಬೀಳುತ್ತಿದ್ದರೆ ಇಪಿ ಸ್ಟಡಿ ಮಾಡುತ್ತೇವೆ. ಹಿಸ್‌ನಿಂದ ಕೆಳಕ್ಕೆ ಇಳಿಯುವ ಸಮಯ 70 ಮಿಲಿಸೆಕೆಂಡ್ ಅಥವಾ ಹೆಚ್ಚಿದ್ದರೆ ಪೇಸ್‌ಮೇಕರ್, ಇಲ್ಲದಿದ್ದರೆ ಚರ್ಮದಡಿ ಲೂಪ್ ರೆಕಾರ್ಡರ್.

ಇವರಿಗೆ ಹಾಕಿದ್ದು ಎರಡು ಲೀಡಿನದ್ದು. ಮೇಲಿನ ಕೋಣೆ ಚೆನ್ನಾಗಿ 88 ಬಡಿಯುತ್ತಿರುವಾಗ ಅದನ್ನು ಬಿಟ್ಟು ಕೆಳಗೊಂದೇ ಲೀಡ್ ಹಾಕಿದರೆ ಎರಡೂ ತಾಳ ತಪ್ಪಿ ಹೊಸ ಸುಸ್ತು ಶುರುವಾಗಬಹುದು. ಏಟ್ರಿಯಲ್ ಫಿಬ್ರಿಲೇಶನ್ ಸ್ಥಿರವಾಗಿರುವವರಿಗೆ ಒಂದೇ ಲೀಡ್ ಸಾಕು. ಎಕೋದಲ್ಲಿ ಪಂಪಿಂಗ್ ಶೇಕಡಾ 36ರಿಂದ 50ರ ನಡುವೆ ಇದ್ದು ಹೆಚ್ಚಿನ ಬಡಿತ ಪೇಸ್‌ಮೇಕರ್‌ನಿಂದಲೇ ಆಗಬೇಕಿದ್ದರೆ ಮಾಮೂಲಿ ಬಲಕೋಣೆಯ ಲೀಡ್ ಹೃದಯವನ್ನು ಇನ್ನಷ್ಟು ದುರ್ಬಲ ಮಾಡೀತು, ಅಂಥವರಿಗೆ ಎಡ ಬ್ರಾಂಚಿನ ಜಾಗದಲ್ಲೇ ಲೀಡ್ ಕೂರಿಸುವುದು ಅಥವಾ ಕೆಳಗಿನ ಎರಡೂ ಕೋಣೆಗಳನ್ನು ಒಟ್ಟಿಗೆ ಬಡಿಸುವ ಸಿಆರ್‌ಟಿ ಒಳ್ಳೆಯದು. ಇವರದ್ದು 58 ಇತ್ತು.

ಇದಕ್ಕೆ ತದ್ವಿರುದ್ಧವಾದ ಕಾಗದವೂ ವಾರವಾರ ಬರುತ್ತದೆ. ಕಣ್ಣಿನ ಪೊರೆ ಅಥವಾ ಹರ್ನಿಯಾ ಆಪರೇಷನ್‌ಗೆ ಮುಂಚಿನ ಇಸಿಜಿ, ಅದೇ ಬಲ ಬ್ರಾಂಚ್, ಅದೇ ಮೈನಸ್ 60 ಆಕ್ಸಿಸ್, ಪಿಆರ್ 220, ಯಂತ್ರ ‘ಟ್ರೈಫ್ಯಾಸಿಕ್ಯುಲರ್ ಬ್ಲಾಕ್’ ಎಂದು ಬರೆದಿರುತ್ತದೆ, ಮನೆಯವರ ಮುಖ ಬಿಳಿಚಿರುತ್ತದೆ. ಪಿಆರ್ ಉದ್ದವಾದದ್ದು ನೋಡ್‌ನಿಂದಲೂ ಇರಬಹುದು, ಆ ಹೆಸರನ್ನು ಅಕ್ಷರಶಃ ನಂಬಬೇಕಿಲ್ಲ. ಒಂದು ಪಿಯೂ ಬಿದ್ದಿಲ್ಲ, ಒಮ್ಮೆಯೂ ಎಚ್ಚರ ತಪ್ಪಿಲ್ಲ ಎಂದಾದರೆ ಪೇಸ್‌ಮೇಕರ್ ಬೇಡ, ಆಪರೇಷನ್‌ಗೆಂದು ತಾತ್ಕಾಲಿಕ ವಯರ್ ಕೂಡ ಬೇಡ. ಎಕೋ ಒಂದು ಮಾಡಿಸಿ, ಈ ಇಸಿಜಿಯ ಜೆರಾಕ್ಸ್ ತೆಗೆದು ಫೈಲಿನಲ್ಲಿಡಲು ಹೇಳುತ್ತೇನೆ. ಥರ್ಮಲ್ ಕಾಗದದ ಗೀಟು ಕ್ರಮೇಣ ಮಾಸಿಹೋಗುತ್ತದೆ, ಮುಂದೆ ಬಿದ್ದು ಬಂದ ದಿನ ಹೋಲಿಸಲು ಅದೇ ಬೇಕು.